ಕರ್ಣನನ್ನು ಮರೆತ ಕಥೆ

ಆಫೀಸು ಅಂದರೆ ಮಹಡಿ ಮೇಲಿನ ಎರಡು ಕೋಣೆ. ಇಂಟರ್ನ್ ಅಂದರೆ ನಾನೊಬ್ಬಳೇ. ಮೊದಲ ವಾರವೇ 30×40 ಸೈಟ್ ಅಳೆದುಕೊಂಡು ಬರಲು ಕಳಿಸಿದರು. ಮೇಸ್ತ್ರಿ ಟೇಪಿನ ತುದಿ ಹಿಡಿದರು, ನಾನು ಕೈಚಿತ್ರ ಬರೆದು ಅಳತೆ ತುಂಬಿದೆ: 30, 40, 30, 40. ಸಂಜೆಯೊಳಗೆ 1:100 ಸ್ಕೇಲಿನಲ್ಲಿ ಶೀಟು ರೆಡಿ. ಉತ್ತರದ ಬಾಣ, ಟೈಟಲ್ ಬ್ಲಾಕ್, ಗಡಿಗೆ ದಪ್ಪ ಗೆರೆ, ಅಳತೆಗೆ ತೆಳು ಗೆರೆ, ಯಾವುದಕ್ಕೂ ಕೊರತೆಯಿಲ್ಲ.

ಸರ್ ಕನ್ನಡಕ ಏರಿಸಿ, "ಎಲ್ಲಾ ಇದೆಯಮ್ಮಾ, ಕರ್ಣ ಎಲ್ಲಿ?" ಎಂದರು. ಕುಂತಿಯ ಹಾಗೆ ತಲೆ ತಗ್ಗಿಸಿದೆ.

ನಾಲ್ಕು ಬದಿ ಸರಿಯಿದ್ದರೂ ಸೈಟು ಹಳೇ ಬೆಂಚಿನಂತೆ ವಾಲಿರಬಹುದು. ಮೂಲೆಗಳು ಮಟ್ಟವಾಗಿದ್ದರೆ ಎರಡೂ ಕರ್ಣ 50 ಅಡಿ ಬರಬೇಕು. ಮರುದಿನ ಅಳೆದರೆ ಒಂದು 51, ಇನ್ನೊಂದು 49! ಅಂದರೆ ಹಿಂದಿನ ಗಡಿ ಸುಮಾರು 20 ಇಂಚು ಪಕ್ಕಕ್ಕೆ ಸರಿದಿದೆ. ನನ್ನ ಶೀಟಿನಲ್ಲಿ ಅದು ಬರೀ 5 ಮಿಲಿಮೀಟರ್. ನೆಲದ ಮೇಲೆ ಪಕ್ಕದ ಮನೆಯವರ ತುಳಸಿಕಟ್ಟೆ.

ಈಗ ಸೈಟಿಗೆ ಕಾಲಿಟ್ಟರೆ ಹಿರಿಯಣ್ಣ ಕರ್ಣನೇ ಮೊದಲು, ಉಳಿದವರೆಲ್ಲ ಆಮೇಲೆ.