ಮೂರು ಏನೋ?

"ಪೂಜ್ಯ ವಿಜ್ಞಾನ ಮೇಷ್ಟ್ರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು" ಎಂದು ರೊದ್ದಂನ ಹುಡುಗ ಅರ್ಧ ಹಾಳೆಯನ್ನು ನಮಸ್ಕಾರಕ್ಕೇ ಖರ್ಚು ಮಾಡಿದ್ದ. ಉಳಿದರ್ಧದಲ್ಲಿ "ನನಗೆ ಅಂಕ ಕಡಿಮೆ ಬಂದಿದೆ" ಎಂದಿತ್ತು. ಇದಕ್ಕೆ ಮೇಷ್ಟ್ರು "ನನಗೂ ಹಾಗೇ ಅನ್ನಿಸಿತು" ಎಂದುಬಿಟ್ಟರೆ?

ಅಕ್ಕ ಕಾಗದ ಕಿತ್ತುಕೊಂಡು ಹೊಸದು ಬರೆಸಿದಳು: "ಸಾರ್, ಒಳಪುಟಗಳ ಅಂಕ ಕೂಡಿದರೆ 50ಕ್ಕೆ 43 ಆಗುತ್ತದೆ. ಮುಖಪುಟದಲ್ಲಿ 34 ಇದೆ. ದಯವಿಟ್ಟು ಒಮ್ಮೆ ನೋಡಿ." ವ್ಯತ್ಯಾಸ 9. ಎರಡಂಕಿ ಸಂಖ್ಯೆ ತಿರುವುಮುರುವಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಲೆಕ್ಕ ಬರೆಯುವವರು ತಪ್ಪು ಹುಡುಕುವುದೂ ಹೀಗೆಯೇ. ಮೇಷ್ಟ್ರಿಗೆ ಮುಜುಗರವೂ ಇಲ್ಲ, ಕೈತಪ್ಪು ಅಷ್ಟೆ.

ಹುಡುಗನಿಗೆ ಆಸೆ ಹೆಚ್ಚಿತು. "ಏಳನೇ ಪ್ರಶ್ನೆಯಲ್ಲೂ ಅರ್ಧ ಅಂಕ ಹೋಗಿದೆ ಅಕ್ಕಾ. 12 ವೋಲ್ಟ್, 4 ಓಮ್, ಭಾಗಿಸಿ 3 ಅಂತ ಸರಿಯಾಗೇ ಬರೆದಿದ್ದೀನಿ."

"ಮೂರು ಏನೋ? ಮೂರು ಬದನೆಕಾಯಾ? ಆಂಪಿಯರ್ ಎಲ್ಲಿ?"

ಆ ಸಾಲು ಕಾಗದಕ್ಕೆ ಹತ್ತಲೇ ಇಲ್ಲ.

ಶಾಲೆಯ ಪರೀಕ್ಷೆಯಾದ್ದರಿಂದ ಒಂದು ಹಾಳೆಯಲ್ಲಿ ಕೆಲಸ ಮುಗಿಯಿತು. ಆಂಧ್ರದ ಹತ್ತನೇ ತರಗತಿ ಬೋರ್ಡ್ ಪರೀಕ್ಷೆಯಾದರೆ ಬರೀ ಕೂಡಿಕೆ ನೋಡಿಸಲು ವಿಷಯಕ್ಕೆ 500 ರೂಪಾಯಿ, ಉತ್ತರಗಳ ಮರುಪರಿಶೀಲನೆಗೆ 1000. ಸಾಷ್ಟಾಂಗಕ್ಕೆ ಅಲ್ಲಿ ರಿಯಾಯಿತಿ ಇಲ್ಲ.