ಪ್ರಥಮ ಸ್ಥಾನ... ಒಂದ್ ನಿಮಿಷ ತಡೀರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ತಾಲೂಕಿನ ಪ್ರತಿಭಾ ಕಾರಂಜಿ ವೇದಿಕೆಗಳ ಮುಂದೆ ಕೂತು ಎದ್ದವರಿಗೆ ಒಂದು ಸಂಗತಿ ಖಾತ್ರಿಯಾಗಿರುತ್ತದೆ: ಫಲಿತಾಂಶ ಓದುವ ಮಾಸ್ತರರೆಲ್ಲ ಒಬ್ಬನೇ ಗುರುವಿನ ಶಿಷ್ಯರು. ಆ ಗುರು ಟಿವಿಯಲ್ಲಿದ್ದಾನೆ. ಕೈಯಲ್ಲಿ ಲಕೋಟೆ ಹಿಡಿದು, ನಾಲ್ಕು ಕ್ಯಾಮೆರಾಕ್ಕೆ ನಾಲ್ಕು ನಮೂನೆ ಮುಖ ತೋರಿಸಿ, "ಈ ವಾರ ಮನೆಗೆ ಹೋಗ್ತಿರೋದು..." ಎಂದು ಜಾಹೀರಾತಿಗೆ ಬಿಡುತ್ತಾನಲ್ಲ, ಅವನೇ. ಅವನು ತಡೆದಷ್ಟೂ ಚಾನೆಲ್ಲಿಗೆ ದುಡ್ಡು. ನಮ್ಮ ಮಾಸ್ತರರಿಗೆ ಮಾರಲು ಸಾಬೂನಿಲ್ಲ, ಆದರೂ ತಡೆಯುತ್ತಾರೆ. "ಕಥೆ ಹೇಳುವ ಸ್ಪರ್ಧೆ... ಪ್ರಥಮ ಸ್ಥಾನ... ಯಾರಿರಬಹುದು? ಹೇಳ್ಲ್ಯಾ? ಕೇಳಸ್ಲಿಲ್ಲ, ಜೋರಾಗಿ ಅನ್ರಿ!" ಮಕ್ಕಳು ಗಂಟಲು ಹರಿಯುವಂತೆ "ಹೇಳ್ರೀ ಸರ್" ಎನ್ನುತ್ತವೆ. ಮೈಕ್ ಕುಂಯ್ ಎನ್ನುತ್ತದೆ. ಮಾಸ್ತರರು ಖುಷಿಯಿಂದ ನೀರು ಕುಡಿಯುತ್ತಾರೆ.

ಈ ಆಟ ಎಲ್ಲಿ ನಡೆಯುತ್ತಿದೆ ಎಂಬುದನ್ನು ನೆನಪಿಡಬೇಕು. ಪ್ರತಿಭಾ ಕಾರಂಜಿ ಕ್ಲಸ್ಟರ್ ಮಟ್ಟದಲ್ಲಿ ಶುರುವಾಗಿ ತಾಲೂಕು, ಜಿಲ್ಲೆ, ರಾಜ್ಯ ಎಂದು ಏರುತ್ತದೆ. ಕಂಠಪಾಠ, ಛದ್ಮವೇಷ, ಆಶುಭಾಷಣ, ಗಝಲ್, ಕವ್ವಾಲಿ, ಯಾವುದೇ ಇರಲಿ, ಮೇಲಿನ ಹಂತದ ಬಾಗಿಲು ತೆರೆಯುವುದು ಪ್ರಥಮ ಬಂದವರಿಗೆ. ದ್ವಿತೀಯ ಬಂದ ಮಗುವಿನ ಆ ವರ್ಷದ ಕಾರಂಜಿ ಅಲ್ಲೇ ಬತ್ತಿತು, ಕೈಗೊಂದು ಪ್ರಮಾಣಪತ್ರ ಬಂತು. ಅಂದರೆ ತಾಲೂಕು ವೇದಿಕೆಯ ಮುಂದೆ ಕೂತವರೆಲ್ಲ ತಮ್ಮ ತಮ್ಮ ಕ್ಲಸ್ಟರಿನಲ್ಲಿ ಗೆದ್ದು ಬಂದವರೇ. ಸೋತು ರೂಢಿಯಾದ ಮಗು ಅಲ್ಲಿ ಒಂದೂ ಇರುವುದಿಲ್ಲ.

ಈಗ ಮಾಸ್ತರರ ಕ್ರಮವನ್ನು ನೋಡಿ. ತೃತೀಯ, ದ್ವಿತೀಯ, ಕೊನೆಗೆ ಪ್ರಥಮ. ಇದಕ್ಕಿಂತ ಸಹಜವಾದ ಕ್ರಮ ಇನ್ನೊಂದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಇಪ್ಪತ್ತು ಮಕ್ಕಳು ಕೂತಿದ್ದಾರೆ ಎನ್ನಿ. ತೃತೀಯ ಕರೆದಾಗ ಹತ್ತೊಂಬತ್ತು ಮಕ್ಕಳು "ನನ್ನದಲ್ಲ, ಚಲೋ ಆತು" ಎಂದುಕೊಳ್ಳುತ್ತಾರೆ. ದ್ವಿತೀಯ ಕರೆದಾಗ ಹದಿನೆಂಟು ಮಕ್ಕಳ ಎದೆ ಮತ್ತೂ ಮೇಲೇರುತ್ತದೆ: ಇನ್ನು ಉಳಿದದ್ದು ಒಂದೇ, ಅದು ನನ್ನದೇ ಇರಬೇಕು. ಮಾಸ್ತರರು ತಮ್ಮ ಅತಿ ಉದ್ದದ ವಿರಾಮವನ್ನು ತೆಗೆದಿರಿಸಿರುವುದು ಸರಿಯಾಗಿ ಈ ಜಾಗಕ್ಕೆ. ಅವರು ನೀರು ಕುಡಿಯುವಷ್ಟು ಹೊತ್ತು ಹದಿನೆಂಟು ಮಕ್ಕಳೂ ತಾಲೂಕಿಗೇ ಪ್ರಥಮ. ಆಮೇಲೆ ಒಂದು ಹೆಸರು ಬರುತ್ತದೆ, ಹದಿನೇಳು ಮಕ್ಕಳು ಒಮ್ಮೆಲೇ ಕೆಳಗೆ ಬೀಳುತ್ತವೆ, ಅದೂ ಎಲ್ಲಕ್ಕಿಂತ ಎತ್ತರದಿಂದ. ಮೇಲಿಂದ ಚಪ್ಪಾಳೆ ತಟ್ಟಬೇಕೆಂಬ ಆದೇಶ ಬೇರೆ. ಏಳು ವರ್ಷದ ಕೂಸಿಗೆ ಇಷ್ಟು ಅಚ್ಚುಕಟ್ಟಾದ ಶಿಕ್ಷೆ ಕೊಡಲು ಬೇರೆ ಯಾವ ಇಲಾಖೆಗೂ ಬರುವುದಿಲ್ಲ.

ಕುತೂಹಲ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದನ್ನು ಯಾರ ತಲೆಯ ಮೇಲೆ ಹೇರಬೇಕು ಎಂಬುದಷ್ಟೇ ತಕರಾರು. ಮೂವರು ವಿಜೇತರನ್ನೂ ಮೊದಲೇ, ಸ್ಥಾನ ಹೇಳದೆ, ಅಕಾರಾದಿಯಲ್ಲಿ ಕರೆದು ವೇದಿಕೆ ಹತ್ತಿಸಿ. ಹೆಸರು, ಶಾಲೆ, ಊರು, ಮುಗಿಯಿತು. ಕೆಳಗೆ ಉಳಿದವರಿಗೆ ತಮ್ಮ ವಿಷಯ ಅರ್ಧ ನಿಮಿಷದೊಳಗೆ, ಆಸೆ ಏರುವ ಮೊದಲೇ ಗೊತ್ತಾಗುತ್ತದೆ. ಇನ್ನು ಮೇಲೆ ನಿಂತ ಮೂವರಲ್ಲಿ ಯಾರು ಯಾವ ಸ್ಥಾನ ಎಂದು ಎಷ್ಟು ಬೇಕಾದರೂ ಎಳೆಯಿರಿ, ಫೋನಿನಿಂದ ಡೋಲಿನ ಸದ್ದೂ ಹಾಕಿಸಿ. ಆ ಮೂವರ ಕೈಯಲ್ಲಿ ಆಗಲೇ ಒಂದು ಬಹುಮಾನ ಇದ್ದೇ ಇರುತ್ತದೆ, ಕಾಯಿಸಿದರೆ ಯಾರೂ ಬಡವಾಗುವುದಿಲ್ಲ. ಒಂದೇ ಎಚ್ಚರಿಕೆ: ಮೂವರಲ್ಲಿ ತೃತೀಯ ಹೇಳಿದ ಮೇಲೆ, ದ್ವಿತೀಯದ ಹೆಸರಿನೊಂದಿಗೇ ಪ್ರಥಮವೂ ಬಯಲಾಗುತ್ತದೆ. ಆದ್ದರಿಂದ ವಿರಾಮವನ್ನು ದ್ವಿತೀಯಕ್ಕಿಂತ ಮೊದಲು ಹಾಕಬೇಕು. ದ್ವಿತೀಯ ಹೇಳಿಯಾದ ಮೇಲೂ, ವೇದಿಕೆಯ ಮೇಲೆ ಒಬ್ಬಳೇ ಹುಡುಗಿ ಉಳಿದಿರುವಾಗ, "ಪ್ರಥಮ ಯಾರಿರಬಹುದು?" ಎಂದು ಸಭೆಗೆ ಕೇಳುವ ಮಾಸ್ತರರೂ ಇದ್ದಾರೆ.

ಎಳೆಯುವ ಮುನ್ನ ಕೈಯಲ್ಲಿರುವ ಚೀಟಿ ಸರಿ ಇರಬೇಕು. 2015ರಲ್ಲಿ ಮಿಸ್ ಯೂನಿವರ್ಸ್ ವೇದಿಕೆಯ ಮೇಲೆ ಸ್ಟೀವ್ ಹಾರ್ವೆ ಕೊಲಂಬಿಯಾದ ಸುಂದರಿಯ ಹೆಸರು ಕೂಗಿದರು, ಕಿರೀಟವೂ ತಲೆ ಏರಿತು. ಗೆದ್ದವರು ಫಿಲಿಪೀನ್ಸಿನವರು. ಕಾರ್ಡಿನಲ್ಲಿ ಎರಡು, ಮೂರನೆಯವರ ಹೆಸರು ಒಂದು ಕಡೆಗೆ, ಗೆದ್ದವರ ಹೆಸರು ಕೆಳಗಿನ ಮೂಲೆಗೆ ಇತ್ತು. 2017ರ ಆಸ್ಕರಿನಲ್ಲಂತೂ ಬೇರೆ ಪ್ರಶಸ್ತಿಯ ಲಕೋಟೆಯೇ ಕೈಗೆ ಬಂದು 'ಮೂನ್‌ಲೈಟ್' ಬದಲು 'ಲಾ ಲಾ ಲ್ಯಾಂಡ್' ತಂಡ ಭಾಷಣಕ್ಕೆ ನಿಂತಿತು. ಅಷ್ಟು ದುಡ್ಡಿದ್ದವರ ಕಥೆ ಇದು. ನಮ್ಮ ಚೀಟಿ ಪರೀಕ್ಷೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ, ಬಸ್ಸಿನಲ್ಲಿ ಬರೆದಂಥ ಅಕ್ಷರದಲ್ಲಿ ಇರುತ್ತದೆ, ಹೊಡೆದು ತಿದ್ದಿದ ಹೆಸರೇ ಸ್ಪಷ್ಟವಾಗಿ ಕಾಣುತ್ತದೆ. ಒಂದು ಸ್ಪರ್ಧೆಗೆ ಒಂದೇ ಹಾಳೆ, ಮೇಲೆ ದಪ್ಪಗೆ ಸ್ಪರ್ಧೆಯ ಹೆಸರು, ಓದುವ ಕ್ರಮದಲ್ಲೇ ಹೆಸರುಗಳು. ಓದುವವನು ಒಮ್ಮೆ ಬರೆದವನ ಮುಂದೆ ಮೆಲ್ಲಗೆ ಓದಿ ತೋರಿಸಬೇಕು. ಹುಡುಗಿಯ ಹೆಸರನ್ನು ಹುಡುಗನದು ಮಾಡಿ ಕರೆದರೆ ಆ ವರ್ಷವಿಡೀ ಶಾಲೆಯಲ್ಲಿ ಅವಳಿಗೆ ಅದೇ ಹೆಸರು.

ಹಾಳೆಯ ಇನ್ನೊಂದು ರೋಗ ಅಂಕದಲ್ಲಿದೆ. ಮೂವರು ತೀರ್ಪುಗಾರರು, ತಲಾ ಐವತ್ತು ಅಂಕ ಎನ್ನಿ. ಇಂಡಿ ಕಡೆಯ ಒಬ್ಬ ಹುಡುಗನಿಗೆ ಮೊದಲಿಬ್ಬರು 44, 45 ಕೊಟ್ಟರು. ಚಡಚಣ ಕಡೆಯ ಹುಡುಗಿಗೆ 42, 43. ಇಬ್ಬರಿಗೂ ಹುಡುಗನೇ ಮುಂದು. ಮೂರನೆಯವರು ದೊಡ್ಡ ಮನಸ್ಸಿನವರು, ಅವರ ಕೈ ಇಪ್ಪತ್ತರಿಂದ ನಲವತ್ತೆಂಟರವರೆಗೆ ಓಡಾಡುತ್ತದೆ. ಅವರು ಹುಡುಗನಿಗೆ 30, ಹುಡುಗಿಗೆ 38 ಹಾಕಿದರು. ಕೂಡಿಸಿ: ಹುಡುಗನಿಗೆ 119, ಹುಡುಗಿಗೆ 123. ಮೂವರಲ್ಲಿ ಇಬ್ಬರು ಒಪ್ಪದ ಫಲಿತಾಂಶ "ತೀರ್ಪುಗಾರರ ತೀರ್ಮಾನವೇ ಅಂತಿಮ" ಎಂಬ ಮಂತ್ರದೊಂದಿಗೆ ಹೊರಬಿತ್ತು. ಅಂಕದ ಬದಲು ಪ್ರತಿ ತೀರ್ಪುಗಾರರ ಸ್ಥಾನ ಕೂಡಿಸಿದ್ದರೆ ಹುಡುಗನಿಗೆ ಒಂದು, ಒಂದು, ಎರಡು, ಒಟ್ಟು ನಾಲ್ಕು. ಹುಡುಗಿಗೆ ಐದು. ಕಡಿಮೆ ಬಂದವನೇ ಮುಂದೆ. ಈ ಲೆಕ್ಕದಲ್ಲಿ ಸಮಬಲ ಬೇಗ ಬರುತ್ತದೆ, ಆಗ ಅಂಕ ನೋಡಿದರಾಯಿತು. ಕಾಯಿಲೆ ಗುರುತಿಸಲು ದೊಡ್ಡ ವಿದ್ಯೆ ಬೇಡ: ಒಬ್ಬರ ಕಂಬಸಾಲಿನಲ್ಲಿ ಅಂಕಗಳು ಉಳಿದವರಿಗಿಂತ ವಿಪರೀತ ಹರಡಿದ್ದರೆ ಆ ದಿನ ಫಲಿತಾಂಶ ಕೊಟ್ಟವರು ಅವರೊಬ್ಬರೇ. ಇದನ್ನು ಮೈಕ್ ಹಿಡಿಯುವ ಮೊದಲು ನೋಡಬೇಕು. ನೋಡುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಶಾಲು-ಹಾರ ಎಣಿಸುವ ಕೆಲಸ ಇರುತ್ತದೆ.

ಮೂವತ್ತು ಸ್ಪರ್ಧೆ, ಮೂರು ಸ್ಥಾನ, ತೊಂಬತ್ತು ಹೆಸರು. ಹೆಸರಿಗೆ ಇಪ್ಪತ್ತು ಸೆಕೆಂಡು ಹಿಡಿದರೂ ಅರ್ಧ ಗಂಟೆ. ಹೆಸರಿಗೊಂದು ನಿಮಿಷದ ನಾಟಕವಾದರೆ ಒಂದೂವರೆ ತಾಸು. ಮಧ್ಯಾಹ್ನವೇ ಮುಗಿದ ಕಂಠಪಾಠದ ಫಲಿತಾಂಶವನ್ನು ಆಗಲೇ ಹೇಳಿದ್ದರೆ ಢವಳಗಿಯ ಕೂಸು ಊಟ ಮಾಡಿ ಮನೆಗೆ ಹೋಗುತ್ತಿತ್ತು. ಆದರೆ ಸಂಜೆ ಸಭೆ ಖಾಲಿಯಾಗಬಾರದಲ್ಲ. ಹಾಗಾಗಿ ಮಕ್ಕಳನ್ನು ಫಲಿತಾಂಶದ ಹಗ್ಗದಿಂದ ಕಟ್ಟಿಹಾಕಿ ಮುಖ್ಯ ಅತಿಥಿಗಳ ಕಾರಿಗೆ ಕಾಯಿಸಲಾಗುತ್ತದೆ. ಅತ್ತ ಕಲ್ಯಾಣ ಕರ್ನಾಟಕ ಸಾರಿಗೆಯ ಕೊನೆಯ ಬಸ್ಸಿನ ಕಂಡಕ್ಟರು ವಿರಾಮ ಕೊಡದೆ ಸೀಟಿ ಊದುತ್ತಾನೆ.

ಇನ್ನು ಸಾಂತ್ವನ. "ಸೋಲೇ ಗೆಲುವಿನ ಸೋಪಾನ, ಭಾಗವಹಿಸುವುದೇ ಮುಖ್ಯ" ಎಂದು ಪ್ರಥಮ ಘೋಷಣೆಯಾದ ಮೇಲೆ ಹೇಳುವ ವಾಡಿಕೆ. ಆ ಹೊತ್ತಿಗೆ ಗೆದ್ದ ಶಾಲೆಯವರು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಸೋತವರು ಚಪ್ಪಲಿ ಹುಡುಕುತ್ತಿರುತ್ತಾರೆ, ಸೋಪಾನದ ಮಾತು ಶಾಮಿಯಾನದ ಕಂಬಕ್ಕೆ ಹೇಳಿದಂತೆ. ಒಳ್ಳೆಯ ಮಾತಿಗೆ ಜಾಗ ಇರುವುದು ಹೆಸರು ಕರೆಯುವ ಮೊದಲು, ಎಲ್ಲರೂ ಕಿವಿ ತೆರೆದು ಕೂತಿರುವಾಗ. ಅದನ್ನು ಹೇಳಬೇಕಾದವರು ಆ ಮಕ್ಕಳನ್ನು ನಿಜವಾಗಿ ಕೇಳಿದ ತೀರ್ಪುಗಾರರು. ಅತಿಥಿಗಳು ಬಂದದ್ದೇ ಈಗ. ಎರಡು ನಿಮಿಷ ಸಾಕು, ಆದರೆ ಕಂಡದ್ದನ್ನೇ ಹೇಳಬೇಕು: "ಒಂದು ಕೂಸು ನಡುವೆ ಕಥಿ ಮರೀತು. ಅಳಲಿಲ್ಲ. ನರಿ ಬಾವ್ಯಾಗ ಇಣುಕಿ ನೋಡೂಹಂಗ ಮಾಡಿ, ಅಷ್ಟರಾಗ ನೆನಪು ಮಾಡ್ಕೊಂಡು ಮುಂದ ನಡೀತು. ಇನ್ನೊಬ್ಬಾಂವ ಮುದುಕಿ ದನಿ ತೆಗದಾಗ ಹಿಂದ ಕುಂತ ಅಡಿಗಿ ಅಕ್ಕಾರೂ ನಕ್ಕರು." ಹೆಸರು ಬೇಡ. ಯಾರದೆಂದು ಆ ಮಗುವಿಗೆ ಗೊತ್ತಿರುತ್ತದೆ, ಮನೆಗೆ ಒಯ್ಯಲು ಒಂದು ವಾಕ್ಯ ಸಿಕ್ಕಿತು. "ನೀವೆಲ್ಲರೂ ವಿಜೇತರೇ" ಎಂದು ಮಾತ್ರ ಹೇಳಬೇಡಿ, ಮಕ್ಕಳಿಗೆ ಮೂರರವರೆಗೆ ಎಣಿಸಲು ನೀವೇ ಕಲಿಸಿದ್ದೀರಿ. ಅಳುವ ಮಗುವನ್ನು ವೇದಿಕೆಗೆ ಎಳೆದು ಬೆನ್ನು ತಟ್ಟುವುದೂ ಬೇಡ.

ಇದೇ ಸೀಮೆಯ ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಎನಿಸುತ್ತದೆ. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಯಲ್ಲಿ ನಿರೂಪಕನೇ ಬೇಡ. ಬೆನ್ನು ಮಣ್ಣಿಗೆ ಹತ್ತಿತು, ಹಲಗಿ ಬಡಿಯಿತು, ಸೋತವನ ಕೈಗೂ ಖರ್ಚಿಗೆಂದು ಏನಾದರೂ ಬೀಳುವುದುಂಟು. ಹರದೇಶಿ-ನಾಗೇಶಿಯವರು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲಿ ಕಾದಾಡಿ, ಬೆಳಗಿಗೆ ಹೊಂದಿಕೊಂಡು ಮಂಗಳ ಹಾಡಿ ಎದ್ದರು. ಕುತೂಹಲ ಅಲ್ಲಿ ಸ್ಪರ್ಧೆಯ ಒಳಗೇ ಖರ್ಚಾಗುತ್ತಿತ್ತು, ಫಲಿತಾಂಶಕ್ಕೆಂದು ಯಾರೂ ಉಳಿಸಿಕೊಳ್ಳುತ್ತಿರಲಿಲ್ಲ.

ಇದನ್ನೆಲ್ಲ ಒಬ್ಬ ಅನುಭವಸ್ಥ ನಿರೂಪಕರ ಮುಂದಿಟ್ಟರೆ ಅವರು ಡೈರಿಯಲ್ಲಿ ಬರೆದುಕೊಂಡರು, ತಲೆಯಾಡಿಸಿದರು. ಕೊನೆಗೆ ಕೇಳಿದರು: "ಎಲ್ಲಾ ಖರೇ ಐತ್ರಿ ಸರ್. ಮಧ್ಯಾನದಾಗ ಫಲಿತಾಂಶ ಹೇಳಿಬಿಟ್ರ ಸಾಹೇಬ್ರ ಭಾಷಣ ಕೇಳಾಕ ಯಾರ್ ಕುಂದರ್ತಾರ್ರಿ?"

"ಪ್ರಥಮ ಬಂದವ್ರನ್ನ ಕುಂದರಸ್ರಿ," ಎಂದೆ. "ಅವ್ರಿಗೂ ಒಂದಿಷ್ಟು ಕಷ್ಟ ಇರ್ಲಿ."