ಮಾತಾಡಿಕೊಂಡು ಓಡಿ

ಅವನಿಗೆ ಇಲ್ಲಿ ರುದ್ರಣ್ಣ ಎಂದು ಹೆಸರಿಡುತ್ತೇನೆ. ವಿನೋಬನಗರದ ಯಾವ ಮೇನ್‌ನಲ್ಲಿ ನಿಂತು ಈ ಹೆಸರು ಕೂಗಿದರೂ ಇಬ್ಬರಾದರೂ ತಿರುಗಿ ನೋಡುತ್ತಾರೆ. ತಿರುಗಿದ ಇಬ್ಬರಿಗೂ ಹೊಟ್ಟೆ ಇರುತ್ತದೆ. ಹಾಗಾಗಿ ಇದು ನನ್ನ ಕಥೆಯೇ ಎಂದು ಒಬ್ಬರೇ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ವಯಸ್ಸು 49. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ, ಎರಡರ ನಡುವೆ ಕೂತಲ್ಲಿಗೇ ಬರುವ ಟೀ. ಚೀಲದಿಂದ ನಾಲ್ಕು ಕಾಳು ತೆಗೆದು ಹಲ್ಲಿಗೆ ಹಾಕಿ ಕಡಿದರೆ ತೇವ ಎಷ್ಟಿದೆ ಎಂದು ಹೇಳಿಬಿಡುತ್ತಾನೆ. ತನ್ನ ಒಳಗೆ ಏನಿದೆ ಎಂದು ಹೇಳಲು ಮಾತ್ರ ಲ್ಯಾಬಿನವರು ಬೇಕಾದರು. ಮಗಳ ಕಾಟ ತಾಳಲಾರದೆ ರಕ್ತ ಕೊಟ್ಟು ಬಂದಿದ್ದ. ಖಾಲಿ ಹೊಟ್ಟೆಯ ಸಕ್ಕರೆ 112, ಬಿಪಿ 138/88, ತೂಕ 82 ಕಿಲೋ, ಎತ್ತರ ಐದೂವರೆ ಅಡಿ.

"ಶುಗರ್ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ" ಅಂದರು ಡಾಕ್ಟರು. "ನೂರರೊಳಗಿದ್ದರೆ ಸರಿ. 126 ಮುಟ್ಟಿದರೆ ಕಾಯಿಲೆ. ನೀವು ನಡುವೆ ಇದ್ದೀರಿ."

ರುದ್ರಣ್ಣ ವ್ಯಾಪಾರಸ್ಥ. "ಹಂಗಾದ್ರೆ ಇನ್ನೂ ಹದಿನಾಲ್ಕು ಬಾಕಿ ಐತಲ್ರಿ ಸರ್" ಅಂದ.

ಡಾಕ್ಟರು ನಗಲಿಲ್ಲ. ಇಸಿಜಿ ನೋಡಿದರು, ಅದು ಸರಿಯಿತ್ತು. ಚೀಟಿಯ ಹಿಂದೆ ಬರೆದುಕೊಟ್ಟರು: ಮೊದಲು ಐದು ನಿಮಿಷ ಬಿರುಸು ನಡಿಗೆ. ಆಮೇಲೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಒಟ್ಟು 34 ನಿಮಿಷ. ವಾರದಲ್ಲಿ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ತಿಂಡಿ ತಿಂದು ಎರಡು ಗಂಟೆಯಾಗಿರಬೇಕು. ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಇಳಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಬರಬೇಕು.

"ವೇಗ ಎಷ್ಟಿರಬೇಕು ಸರ್?"

"ಮಾತಾಡಿಕೊಂಡು ಓಡುವಷ್ಟು. ಒಂದು ಪೂರ್ತಿ ವಾಕ್ಯ ಉಸಿರು ಕಟ್ಟದೆ ಹೇಳೋಕೆ ಬರಬೇಕು, ಹಾಡೋಕೆ ಬರಬಾರದು. ಹಾಡೋಕೆ ಬಂದರೆ ನೀವು ಸುಮ್ಮನೆ ನಡೀತಿದೀರಿ ಅಂತ. ಮಾತೇ ಬರಲಿಲ್ಲ ಅಂದ್ರೆ ಜಾಸ್ತಿ ಓಡ್ತಿದೀರಿ ಅಂತ."

ಇಷ್ಟುದ್ದದ ಚೀಟಿಯಲ್ಲಿ ರುದ್ರಣ್ಣನ ಮನಸ್ಸಿಗೆ ಹತ್ತಿದ್ದು 'ಮಾತಾಡಿಕೊಂಡು' ಎಂಬ ಒಂದೇ ಮಾತು. ಅದೊಂದನ್ನು ಅವನು ಅಕ್ಷರಶಃ ಪಾಲಿಸಿದ.

ಹೊತ್ತು ಸಂಜೆಯದೇ ಆಗಬೇಕೆಂದು ತಾನೇ ಗೊತ್ತು ಮಾಡಿಕೊಂಡ. ಬೆಳಿಗ್ಗೆಯ ದೋಸೆಯ ಹೊತ್ತು ಬಿಡಲಾರ ಎನ್ನುವುದು ನಿಜವಾದ ಕಾರಣ. ಹೇಳಿದ ಕಾರಣ ಬೇರೆ: ಕತ್ತಲಾಗುವ ಹೊತ್ತಿಗೆ ಯಾರೂ ನೋಡುವುದಿಲ್ಲ. ವಿನೋಬನಗರದಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಈ ಮಾತು! ಸಂಜೆ ಆರೂವರೆಗೆ ಇಲ್ಲಿ ಮನೆಯೊಳಗೆ ಉಳಿಯುವವರು ಕೈಲಾಗದವರು ಮಾತ್ರ. ಗೇಟಿನ ಮುಂದೆ ಹೆಂಗಸರು, ಕಟ್ಟೆಯ ಮೇಲೆ ಹಿರಿಯರು, ಬೈಕಿನ ಮೇಲೆ ಕೂತು ಎಲ್ಲಿಗೂ ಹೋಗದ ಹುಡುಗರು. ಕುಂದವಾಡ ಕೆರೆಯ ಏರಿಗೆ ಹೋಗಿದ್ದರೆ ಓಡುವವರ ನಡುವೆ ಇವನೂ ಒಬ್ಬನಾಗುತ್ತಿದ್ದ. ಆದರೆ ಓಡಲಿಕ್ಕೆಂದು ಬೈಕಿನಲ್ಲಿ ಅಷ್ಟು ದೂರ ಹೋಗುವುದು ಅವನ ಲೆಕ್ಕಕ್ಕೆ ನಷ್ಟದ ಬಾಬತ್ತು.

ಆ ದಿನ ಐದೂವರೆಗೆ ಯಾರ್ಡಿನಲ್ಲಿ ಒಂದು ಪೊಟ್ಟಣ ಖಾರ ಮಂಡಕ್ಕಿ, ಎರಡು ಮಿರ್ಚಿ ಆಗಿತ್ತು. ಮಂಡಕ್ಕಿ ಹಗುರ, ಅದು ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಇಡೀ ದಾವಣಗೆರೆಯ ನಂಬಿಕೆ. ಮಿರ್ಚಿ ಮಂಡಕ್ಕಿಯ ಜೊತೆಗೆ ಬರುವುದರಿಂದ ಅದೂ ಬರುವುದಿಲ್ಲ. ಮನೆಗೆ ಬಂದು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡ. ಮೇಲೆ ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟಿದ್ದ ಟೀ ಶರ್ಟು. ಅದರ ಮುಂಭಾಗದಲ್ಲಿ ದೊಡ್ಡದೊಂದು ಮೆಕ್ಕೆಜೋಳದ ತೆನೆ. ಬೀಜದವರು ಅಂದುಕೊಂಡಿದ್ದಕ್ಕಿಂತ ತೆನೆ ಇವನ ಮೈಮೇಲೆ ದಪ್ಪನಾಗಿ ಬಂದಿತ್ತು. ಕಾಲಿಗೆ ಮಗ ಹೈಸ್ಕೂಲಿನಲ್ಲಿ ಡ್ರಿಲ್ಲಿಗೆ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಶೂ. ತಳ ರೊಟ್ಟಿಯಷ್ಟೇ ತೆಳು. ಓಡುವ ಶೂನಲ್ಲಿ ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲ ಜಾಗ ಬೇಕು. ಇದರಲ್ಲಿ ಹೆಬ್ಬೆರಳೇ ಮಡಚಿ ಕೂತಿತ್ತು.

ಗೇಟು ತೆಗೆಯುವಾಗ ಹೆಂಡತಿ ಬಂದಳು. "ರೀ, ಹೆಂಗೂ ಹೊಂಟೀರಲ್ಲ, ಬರ್ತಾ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಗಂಬರ್ರಿ."

ಹೀಗೆ ರುದ್ರಣ್ಣ ತನ್ನ ಬಾಳಿನ ಮೊದಲ ಜಾಗಿಂಗಿಗೆ ಕೈಚೀಲ ಹಿಡಿದು ಹೊರಟ.

ಐದು ನಿಮಿಷದ ನಡಿಗೆಯನ್ನು ಒಂದು ನಿಮಿಷಕ್ಕೆ ಇತ್ಯರ್ಥ ಮಾಡಿದ. ಓಡುತ್ತೇನೆ ಅಂದವನು ನಡೆಯುವುದನ್ನು ಜನ ನೋಡಿದರೆ ಏನಂದಾರು? ಆಮೇಲೆ ಓಡಿದ. ನಿಜ ಹೇಳಬೇಕೆಂದರೆ, ಮೊದಲ ನಲವತ್ತು ಸೆಕೆಂಡು ಚೆನ್ನಾಗಿಯೇ ಓಡಿದ. ಕಾಲೇಜಿನ ದಿನಗಳ ಕಬಡ್ಡಿ ಕಾಲಿಗೆ ಇನ್ನೂ ನೆನಪಿತ್ತು, ಎದೆಗೆ ಮರೆತಿತ್ತು. ಇದು ನಡುವಯಸ್ಸಿನ ಎಲ್ಲ ಹೊಸ ಓಟಗಾರರಿಗೂ ಆಗುವುದೇ. ಮೊದಲ ಅರ್ಧ ನಿಮಿಷ ಉಸಿರಿನ ಸಾಲ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಬಡ್ಡಿ ಸೇರಿರುತ್ತದೆ. ಹೆಜ್ಜೆ ಉದ್ದುದ್ದ ಹಾಕುತ್ತಿದ್ದ, ಹಿಮ್ಮಡಿ ದೇಹಕ್ಕಿಂತ ಬಹಳ ಮುಂದೆ ಹೋಗಿ ಕಾಂಕ್ರೀಟ್ ರಸ್ತೆಗೆ ದಪ್ ದಪ್ ಎಂದು ಬಡಿಯುತ್ತಿತ್ತು. ಓಟ ಕೆಟ್ಟಿದೆ ಎಂದು ತಿಳಿಯಲು ಈ ಸದ್ದು ಸಾಕು. ಚಿಕ್ಕ ಚಿಕ್ಕ ಹೆಜ್ಜೆ, ಕಾಲು ಸೊಂಟದ ನೇರಕ್ಕೇ ಊರುವ ಹಾಗೆ ಇಟ್ಟಿದ್ದರೆ ಸದ್ದೂ ಇಲ್ಲ, ಮಂಡಿಗೆ ಪೆಟ್ಟೂ ಇಲ್ಲ.

ಆ ಸದ್ದಿಗೆ ಮೊದಲ ಗೇಟು ತೆರೆಯಿತು.

"ಯಾಕ್ರೀ ರುದ್ರಣ್ಣ, ಏನಾತು? ಯಾರಿಗೆ ಏನಾತು?"

ನಮ್ಮ ಕಡೆ ನಲವತ್ತು ದಾಟಿದವನು ಬೀದಿಯಲ್ಲಿ ಓಡಿದರೆ ಅದಕ್ಕೆ ಕಾರಣ ಮೂರೇ ಇರಬಹುದು: ಬಸ್ಸು, ಬೆಂಕಿ, ಇಲ್ಲವೇ ಯಾರಿಗೋ ಎದೆನೋವು. ರುದ್ರಣ್ಣ ಉತ್ತರ ಕೊಡಲು ಬಾಯಿ ತೆರೆದ, ಮಾತು ಬರಲಿಲ್ಲ. ಡಾಕ್ಟರು ಹೇಳಿದ ಪರೀಕ್ಷೆಯಲ್ಲಿ ಹೀಗೆ ಮೊದಲ ನಿಮಿಷಕ್ಕೇ ಫೇಲಾದ. ಮಾತು ಬಾರದ್ದನ್ನು ನೋಡಿ ಅವರಿಗೆ ಗಾಬರಿ ಖಾತ್ರಿಯಾಯಿತು. ಬೈಕಿಗೆ ಕಿಕ್ ಹೊಡೆದು, "ಹತ್ರಿ, ಹತ್ರಿ, ಯಾವ ಆಸ್ಪತ್ರೆ?" ಅಂದರು. ಉಸಿರು ಬಂದ ಮೇಲೆ ಶುಗರಿನ ಕಥೆ ಹೇಳಬೇಕಾಯಿತು. ಹೇಳಿದ ಮೇಲೆ ಸಲಹೆ ಕೇಳಿಸಿಕೊಳ್ಳಬೇಕಾಯಿತು. ಜೆಜೆಎಂ ಮೆಡಿಕಲ್ ಕಾಲೇಜು ಈ ಊರಿಗೆ ಬಂದದ್ದು 1965ರಲ್ಲಿ. ಅಂದಿನಿಂದ ಇಲ್ಲಿ ಡಾಕ್ಟರಾಗದೆ ಉಳಿದವರೂ ಅರ್ಧ ಡಾಕ್ಟರೇ. ಒಬ್ಬರು ಹಾಗಲಕಾಯಿ ರಸ ಅಂದರು, ಇನ್ನೊಬ್ಬರು ನೆನೆಸಿದ ಮೆಂತ್ಯ ಅಂದರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಈ ವಯಸ್ಸಿಗೆ ಓಡಬಾರದು ತಮ್ಮಾ, ಮಂಡಿ ಸವೀತಾವೆ" ಎಂದು ಕೂತಲ್ಲಿಂದಲೇ ಎಚ್ಚರಿಸಿದರು. ಅವರು ಓಡಿದ್ದನ್ನು ಕಂಡವರಿಲ್ಲ, ಅವರ ಎರಡೂ ಮಂಡಿ ಸವೆದಿವೆ.

ಎರಡನೇ ಸುತ್ತು ನಾಯಿಯ ಪಾಲಾಯಿತು. ನಮ್ಮ ಬೀದಿಯ ನಾಯಿಗಳು ರುದ್ರಣ್ಣನನ್ನು ದಿನಾ ನೋಡುತ್ತವೆ, ಆದರೆ ಓಡುವ ರುದ್ರಣ್ಣ ಅವಕ್ಕೂ ಹೊಸಬ. ಒಂದು ಬೊಗಳಿತು, ಮೂರು ಸೇರಿಕೊಂಡವು. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ನಿಂತುಬಿಟ್ಟರೆ ಬಹುತೇಕ ಸಲ ಅದಕ್ಕೆ ಆಸಕ್ತಿ ಹೋಗುತ್ತದೆ. ಇದು ರುದ್ರಣ್ಣನಿಗೂ ಗೊತ್ತು. ಆದರೂ ಅವನು ಆ ಸಂಜೆಯ ಅತಿ ವೇಗದ ಅರವತ್ತು ಮೀಟರನ್ನು ಆಗಲೇ ಓಡಿದ. ಕೊನೆಗೆ ಕೈಚೀಲ ಬೀಸಿ ತಿರುಗಿ ನಿಂತ ಮೇಲೆ ನಾಯಿಗಳೂ ನಿಂತವು.

ಪಿ.ಬಿ. ರಸ್ತೆಯ ಕಡೆಗೆ ತಿರುಗುವಷ್ಟರಲ್ಲಿ ಚುಚ್ಚಿತು. ಪಕ್ಕೆಲುಬಿನ ಕೆಳಗೆ, ಸೂಜಿ ಆಡಿಸಿದ ಹಾಗೆ. ರುದ್ರಣ್ಣ ಅಲ್ಲಿದ್ದ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಡತಿ, ಮಗಳ ಮದುವೆ, ರೈತರಿಗೆ ಕೊಟ್ಟ ಮುಂಗಡ, ಅದರಲ್ಲಿ ಬಾರದೆ ಉಳಿದದ್ದು, ಎಲ್ಲ ಕಣ್ಣ ಮುಂದೆ ಬಂದವು. ಮುಂಗಡ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಅಂಗಡಿಯ ಹುಡುಗ ಹೊರಗೆ ಬಂದ. "ಎಲ್ಲಿ ನೋವು ಅಂಕಲ್?"

ರುದ್ರಣ್ಣ ತೋರಿಸಿದ.

"ಅದು ಬಲಗಡೆ ಅಲ್ವಾ ಅಂಕಲ್?"

ರುದ್ರಣ್ಣ ತನ್ನ ಕೈಯನ್ನೇ ನೋಡಿಕೊಂಡ. ಬಲಗಡೆಯೇ ಇತ್ತು. ಎದೆ ಭಾರವಿಲ್ಲ, ಎಡಗೈಯಲ್ಲಿ ಜೋಮಿಲ್ಲ, ಬೆವರು ಬಿಸಿಯಾಗಿಯೇ ಇದೆ. ಒಂದು ಬೆರಳಿನಲ್ಲಿ ಇಲ್ಲೇ ಎಂದು ತೋರಿಸಬಹುದಾದ ನೋವು, ಉಸಿರು ಎಳೆದಾಗ ಚುಚ್ಚುತ್ತದೆ, ನಿಂತರೆ ಇಳಿಯುತ್ತದೆ. ಇದಕ್ಕೆ ಪಕ್ಕೆ ಹಿಡಿಯುವುದು ಎನ್ನುತ್ತಾರೆ, ಹೊಟ್ಟೆ ತುಂಬಿದ್ದಾಗ ಓಡಿದರೆ ಸುಲಭವಾಗಿ ಬರುತ್ತದೆ. ನೋವಿದ್ದ ಕಡೆ ಕೈಯಿಂದ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಬಾಯಿಂದ ನಿಧಾನವಾಗಿ ಉಸಿರು ಬಿಟ್ಟರೆ ಕೆಲವು ನಿಮಿಷದಲ್ಲಿ ಹೋಗುತ್ತದೆ. ಇವನದೂ ಹೋಯಿತು. ಆದರೆ ಎದೆಯ ನಡುವೆ ಹಿಂಡುವ ನೋವಾಗಿದ್ದರೆ ಹೀಗೆ ಮೆಟ್ಟಿಲ ಮೇಲೆ ಕೂತು ಪರೀಕ್ಷೆ ಮಾಡಿಕೊಳ್ಳುವ ಕೆಲಸವಲ್ಲ, ನೇರ ಆಸ್ಪತ್ರೆ. ಅಲ್ಲಿ ತಮಾಷೆಗೆ ಜಾಗವಿಲ್ಲ.

ನೋವು ಹೋದದ್ದೇ ತಡ, ಮೂಗು ಕೆಲಸಕ್ಕೆ ಬಂತು. ಗಾಳಿ ದೋಸೆಯ ಹೋಟೆಲಿನ ಕಡೆಯಿಂದ ಬೀಸುತ್ತಿತ್ತು. ಒಳಗಿಂದ ಪರಿಚಯದವರೊಬ್ಬರು ಕೈ ಮಾಡಿ ಕರೆದರು. ರುದ್ರಣ್ಣ ಮನಸ್ಸಿನಲ್ಲಿ ಲೆಕ್ಕ ಹಾಕಿದ: ಇಷ್ಟು ಓಡಿದ್ದೇನೆ, ಒಂದು ದೋಸೆ ಜಮಾ ಆಗಿರಬೇಕು. ದಲಾಲಿಯಲ್ಲಿ ಒಂದು ಪೈಸೆ ತಪ್ಪದವನು ಇಲ್ಲಿ ಎಡವಿದ. ಓಟದಲ್ಲಿ ಒಂದು ಕಿಲೋಮೀಟರಿಗೆ, ಮೈತೂಕದ ಕಿಲೋ ಒಂದಕ್ಕೆ ಸುಮಾರು ಒಂದು ಕ್ಯಾಲರಿ ಖರ್ಚು. ಇವನ 82 ಕಿಲೋಗೆ ಒಂದು ಕಿಲೋಮೀಟರ್ ಪೂರ್ತಿ ಓಡಿದರೂ 82 ಕ್ಯಾಲರಿ. ಒಂದು ದೊಡ್ಡ ಚಮಚ, ಅಂದರೆ 14 ಗ್ರಾಂ ಬೆಣ್ಣೆಯಲ್ಲೇ ನೂರರಷ್ಟಿದೆ. ನಮ್ಮೂರಿನ ದೋಸೆಗೆ ಬೆಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿದ್ದನ್ನು ನಾನಂತೂ ಕಂಡಿಲ್ಲ. ದೋಸೆಯ ಮಾತು ಹಾಗಿರಲಿ, ಮೇಲಿನ ಬೆಣ್ಣೆಯ ಮುದ್ದೆಗೂ ಆ ಓಟ ಸಾಲದು. ಓಟದ ಲಾಭ ಇರುವುದು ಬೇರೆ ಖಾತೆಯಲ್ಲಿ. ದುಡಿಯುವ ಮಾಂಸಖಂಡ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಆಮೇಲೂ ಒಂದು ದಿನದ ಮಟ್ಟಿಗೆ ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದೇ ದಿನ ಬಿಡುವು ಎಂದು ಡಾಕ್ಟರು ಬರೆದದ್ದು ಇದಕ್ಕೆ.

ರುದ್ರಣ್ಣ "ಬೆಣ್ಣೆ ಸ್ವಲ್ಪ ಕಡಿಮೆ ಹಾಕಪ್ಪಾ" ಅಂದ. ಹೆಂಚಿನ ಮುಂದಿದ್ದವನು ಅವಮಾನವಾದವನಂತೆ ನೋಡಿ, ಎಂದಿನಷ್ಟೇ ಹಾಕಿದ.

ಮನೆಗೆ ಬಂದಾಗ ಎಂಟು ಗಂಟೆ. "ಅಪ್ಪಾಜಿ, ಒಂದೂವರೆ ಗಂಟೆ ಓಡಿದ್ರಾ!" ಎಂದು ಮಗಳು ಕಣ್ಣರಳಿಸಿದಳು. ಆ ಒಂದೂವರೆ ಗಂಟೆಯಲ್ಲಿ ಓಡಿದ್ದು ಮೂರು ನಿಮಿಷ ಎಂಬುದನ್ನು ರುದ್ರಣ್ಣ ಹೇಳಲಿಲ್ಲ. ಕೈಚೀಲ ಖಾಲಿಯಿದ್ದದ್ದನ್ನು ಹೆಂಡತಿ ಹೇಳಿದಳು.

ಮಾರನೇ ದಿನ ಅಷ್ಟೇನೂ ನೋಯಲಿಲ್ಲ, ಯಾರ್ಡಿನಲ್ಲಿ ಎಲ್ಲರಿಗೂ ಓಡಿದ ಕಥೆ ಹೇಳಿದ. ನೋವು ಏರಿದ್ದು ಅದರ ಮರುದಿನ. ಅಭ್ಯಾಸವಿಲ್ಲದ ಮಾಂಸಖಂಡದ ನೋವು ಹಾಗೇ, ಒಂದೆರಡು ದಿನ ಬಿಟ್ಟು ಪೂರ್ತಿ ಬರುತ್ತದೆ, ಮತ್ತೆರಡು ದಿನದಲ್ಲಿ ತಾನೇ ಹೋಗುತ್ತದೆ. ಅಂಗಡಿಯ ಮೆಟ್ಟಿಲನ್ನು ರುದ್ರಣ್ಣ ಹಿಂದು ಮುಂದಾಗಿ ಇಳಿದ. ಹಮಾಲರು ಚೀಲ ಇಳಿಸಿ ನೋಡುತ್ತ ನಿಂತರು.

ಅವನು ಬಿಡಲಿಲ್ಲ ಎನ್ನುವುದು ನನಗೂ ಆಶ್ಚರ್ಯ. ಕಾಲಿಗೆ ಸರಿಯಾದ ಶೂ ಬಂದಿದೆ, ಮಂಡಕ್ಕಿ ನಾಲ್ಕು ಗಂಟೆಗೆ ಸರಿದಿದೆ. ಆದ್ದರಿಂದ ವಿನೋಬನಗರದವರಲ್ಲಿ ಒಂದು ವಿನಂತಿ. ಸಂಜೆ ಹೊತ್ತು ಎದೆಯ ಮೇಲೆ ಮೆಕ್ಕೆಜೋಳದ ತೆನೆಯಿರುವ ಮನುಷ್ಯ ಓಡಿಬಂದರೆ ಗಾಬರಿಯಾಗಬೇಡಿ, ಬೈಕ್ ತೆಗೆಯಬೇಡಿ. ಏನಾಯಿತು ಎಂದು ಕೇಳಲೇಬೇಕಿದ್ದರೆ ಒಂದು ನಿಮಿಷ ತಡೆಯಿರಿ, ಆಮೇಲಿನ ಎರಡು ನಿಮಿಷ ಅವನು ನಡೆಯುತ್ತಾನೆ, ಆಗ ಕೇಳಿ. ನೀವೂ ಜೊತೆಗೆ ನಡೆಯುತ್ತ ಕೇಳಿ.